ಪುಣೆ-ಮುಂಬೈ ಕಡೆ ಕೆಲಸಕ್ಕೆ ಸೇರೋ ಮುಂಚೆ ಆ ಆಫೀಸಿನ ಪಾಶ್ ಕಮಿಟಿ ನಿಜವಾಗ್ಲೂ ಇದೆಯಾ ಅಂತ ಪತ್ತೆ ಹಚ್ಚೋದು ಹೇಗೆ

"ಅಕ್ಕಾ, ಇಂಟರ್‌ವ್ಯೂದಾಗ ನಾ ಕೇಳಿದ್ದೆ, ಪಾಶ್ ಕಮಿಟಿ ಐತಿ ಅಂತ ಹೇಳಿದ್ರು." ಬೆಳಗಾವಿ, ಹುಬ್ಬಳ್ಳಿ, ವಿಜಯಪುರ ಕಡೆಯಿಂದ ಪುಣೆಗೆ ಕೆಲಸಕ್ಕೆ ಬಂದ ಹುಡುಗಿಯರು ಏನಾದ್ರೂ ಆದ್ಮೇಲೆ ನನ್ನ ಹತ್ರ ಬಂದು ಹೇಳೋದು ಇದೇ ಮಾತು. ಪಾಶ್ ಕಮಿಟಿ ಅಂದ್ರೆ ಆಫೀಸಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಿ ವಿಚಾರಣೆ ಮಾಡೋ ಸಮಿತಿ. ಹೌದು, ಕೇಳಿರ್ತಾರೆ, ಅವರೂ ಇದೆ ಅಂದಿರ್ತಾರೆ, ಆಮೇಲೆ ನೋಡಿದ್ರೆ ಕಮಿಟಿ ಇರೋದು ಬೆಂಗಳೂರಿನ ಹೆಡ್ ಆಫೀಸಲ್ಲಿ, ಅದರಲ್ಲಿದ್ದ ಇಬ್ಬರು ಕೆಲಸ ಬಿಟ್ಟು ವರ್ಷ ಆಗಿದೆ, ಕಂಪ್ಲೇಂಟ್ ಕಳಿಸೋ ಇಮೇಲ್ ಓಪನ್ ಮಾಡೋದು ಯಾರ ಮೇಲೆ ಕಂಪ್ಲೇಂಟೋ ಅವರ ದೋಸ್ತ್.

ನಾನು ಪುಣೆಯಲ್ಲಿ ಎಚ್‌ಆರ್ ಕಡೆ ಕೆಲಸ ಮಾಡ್ದೋಳು, ಮೂರು ವರ್ಷ ಒಂದು ಕಮಿಟಿಯಲ್ಲಿ ಮೆಂಬರ್ ಆಗಿ ಕೂತಿದ್ದೆ. ಅದಕ್ಕೇ ಹೇಳ್ತಿದೀನಿ, "ಕಮಿಟಿ ಇದೆಯಾ" ಅನ್ನೋ ಪ್ರಶ್ನೆ ಉಪಯೋಗಕ್ಕೆ ಬರಲ್ಲ. ಇಲ್ಲ ಅಂತ ಯಾವ ಎಚ್‌ಆರೂ ಹೇಳಲ್ಲ. ನಡೀತಿರೋ ಕಮಿಟಿ ಹತ್ರ ಮಾತ್ರ ಇರೋ ಕೆಲವು ಕಾಗದ, ಕೆಲವು ಮನುಷ್ಯರು ಇರ್ತಾರೆ, ಅವನ್ನ ಕೇಳ್ಬೇಕು.

ಇತ್ತೀಚೆಗೆ ಗೋಕಾಕದ ಒಬ್ಬ ಹುಡುಗಿ ಜೊತೆ ಕೂತು ಇದನ್ನೆಲ್ಲ ಒಂದು ವಾರದಲ್ಲಿ ಮಾಡಿದ್ವಿ. ಬಾಣೇರ್‌ನಲ್ಲಿ ಟೆಸ್ಟಿಂಗ್ ಕೆಲಸ, ಪುಣೆ ಆಫೀಸಲ್ಲಿ ಸುಮಾರು 140 ಜನ, ಹೆಡ್ ಆಫೀಸ್ ಬೆಂಗಳೂರು, ಆಫರ್ ಲೆಟರ್‌ಗೆ ಏಳು ದಿನದೊಳಗೆ ಉತ್ತರ ಕೊಡ್ಬೇಕಿತ್ತು. ಅವಳ ಕಥೆ ಜೊತೆಗೇ ಹಂತ ಹಂತವಾಗಿ ಹೇಳ್ತೀನಿ.

## ಯಾವಾಗ ಶುರು ಮಾಡ್ಬೇಕು, ಕೈಯಲ್ಲಿ ಏನಿರ್ಬೇಕು

ಮೊದಲ ತಪ್ಪು ಇಲ್ಲೇ ಆಗೋದು. ಕೆಲವರು ಫಸ್ಟ್ ರೌಂಡಲ್ಲೇ ಕೇಳ್ತಾರೆ, ಆಗ ನಿಮ್ಮ ಮಾತಿಗೆ ತೂಕ ಇರಲ್ಲ. ಇನ್ನು ಕೆಲವರು ಹಳೇ ಕಂಪನಿಗೆ ರಾಜೀನಾಮೆ ಕೊಟ್ಟು, ಹಿಂಜವಡಿ ಹತ್ರ ಪಿಜಿಗೆ ಡೆಪಾಸಿಟ್ ಕಟ್ಟಿ ಆಮೇಲೆ ಕೇಳ್ತಾರೆ, ಆಗ ಉತ್ತರ ಏನೇ ಬಂದ್ರೂ ಹಿಂದೆ ಬರೋಕೆ ದಾರಿ ಇರಲ್ಲ. ಸರಿಯಾದ ಸಮಯ ಅಂದ್ರೆ ಆಫರ್ ಲೆಟರ್ ಕೈಗೆ ಬಂದಿದೆ, ನೀವಿನ್ನೂ ಒಪ್ಕೊಂಡಿಲ್ಲ, ಆ ನಡುವಿನ ನಾಲ್ಕೈದು ದಿನ. ಅವರಿಗೂ ನೀವು ಬೇಕು ಅಂತ ಆಗಿರುತ್ತೆ, ಒಂದು ಇಮೇಲ್‌ಗೆ ಉತ್ತರ ಕೊಡೋಕೆ ಬೇಜಾರು ಮಾಡ್ಕೊಳಲ್ಲ.

ಬೇಕಾಗೋದು ಜಾಸ್ತಿ ಏನಿಲ್ಲ. ಕಂಪನಿಯ ಪೂರ್ತಿ ರಿಜಿಸ್ಟರ್ಡ್ ಹೆಸರು, ಅದು ಆಫರ್ ಲೆಟರ್ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತೆ, ಬೋರ್ಡ್ ಮೇಲಿರೋ ಬ್ರ್ಯಾಂಡ್ ಹೆಸರು ಬೇರೆ ಇರಬಹುದು. ಆನ್‌ಲೈನ್‌ನಲ್ಲಿ ಕಟ್ಟೋಕೆ 100 ರೂಪಾಯಿ. ಒಂದು ನೋಟ್‌ಬುಕ್. ಆಫೀಸಿಗೆ ಒಂದು ಸಲ ಹೋಗಿ ಬರೋಷ್ಟು ಟೈಮ್.

## ಹಂತ 1: ನಿಮಗೆ ಅನ್ವಯ ಆಗೋ ಕಮಿಟಿ ಯಾವುದು ಅಂತ ಮೊದಲು ತಿಳ್ಕೊಳಿ

ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಕಡೆ ಮಾಲೀಕರು ಲಿಖಿತ ಆದೇಶ ಹೊರಡಿಸಿ ಆಂತರಿಕ ಸಮಿತಿ ಮಾಡ್ಲೇಬೇಕು. ಮುಂಚೆ ಇದಕ್ಕೆ ಇಂಟರ್ನಲ್ ಕಂಪ್ಲೇಂಟ್ಸ್ ಕಮಿಟಿ, ಐಸಿಸಿ ಅಂತಿದ್ರು, 2016ರ ತಿದ್ದುಪಡಿ ಆದ್ಮೇಲೆ ಕಾಯ್ದೆಯಲ್ಲಿ ಬರೀ ಇಂಟರ್ನಲ್ ಕಮಿಟಿ, ಅಂದ್ರೆ ಐಸಿ. ಪಾಲಿಸಿಯಲ್ಲಿ ಇನ್ನೂ ಐಸಿಸಿ ಅಂತ ಇದ್ರೆ ಅದೇನು ದೊಡ್ಡ ತಪ್ಪಲ್ಲ, ಅದನ್ನ ಹಿಡ್ಕೊಂಡು ಜಗಳಕ್ಕೆ ಹೋಗ್ಬೇಡಿ.

ತುಂಬ ಜನ ಎಡವೋದು ಬ್ರ್ಯಾಂಚ್ ವಿಷಯದಲ್ಲಿ. ಒಂದೇ ಕಂಪನಿ ಬೇರೆ ಬೇರೆ ಊರಲ್ಲಿ ಆಫೀಸ್ ಇಟ್ಕೊಂಡಿದ್ರೆ ಪ್ರತಿ ಆಫೀಸಿಗೂ ಕಮಿಟಿ ಇರ್ಬೇಕು ಅಂತ ಕಾಯ್ದೆ ಹೇಳುತ್ತೆ. "ನಮ್ದು ಸೆಂಟ್ರಲ್ ಕಮಿಟಿ, ಎಲ್ಲಾ ಲೊಕೇಶನ್‌ಗೂ ಅದೇ" ಅಂದ್ರೆ ಅದು ಮೊದಲ ಕೆಂಪು ಸಿಗ್ನಲ್. ಆದ್ರೆ ಇದರಲ್ಲೊಂದು ಸೂಕ್ಷ್ಮ ಇದೆ, ಪುಣೆ ಆಫೀಸಲ್ಲಿ ಸೀನಿಯರ್ ಹುದ್ದೆಯ ಹೆಂಗಸು ಯಾರೂ ಇಲ್ಲಾಂದ್ರೆ ಅಧ್ಯಕ್ಷೆಯನ್ನ, ಅಂದ್ರೆ ಪ್ರಿಸೈಡಿಂಗ್ ಆಫೀಸರನ್ನ, ಬೇರೆ ಊರಿನ ಆಫೀಸಿಂದ ನೇಮಿಸೋಕೆ ಕಾಯ್ದೆಯಲ್ಲೇ ಅವಕಾಶ ಇದೆ. ಹಾಗಾಗಿ ಅಧ್ಯಕ್ಷೆ ಬೆಂಗಳೂರಲ್ಲಿ ಕೂತಿದ್ರೆ ಅದೊಂದೇ ತಪ್ಪಲ್ಲ, ಪುಣೆ ಆಫೀಸಿನ ಹೆಸರಲ್ಲಿ ಆದೇಶಾನೇ ಇಲ್ಲಾಂದ್ರೆ ತಪ್ಪು.

ಹತ್ತಕ್ಕಿಂತ ಕಮ್ಮಿ ಜನ ಇರೋ ಕಡೆ, ಗೋವಾದಲ್ಲಿ ಸಣ್ಣ ಗೆಸ್ಟ್‌ಹೌಸ್, ಕೆಫೆಗಳಲ್ಲಿ ಕೆಲಸಕ್ಕೆ ಹೋಗೋರಿಗೆ ಇದು ಮುಖ್ಯ, ಐಸಿ ಇರಲ್ಲ. ಅಲ್ಲಿ ಕಂಪ್ಲೇಂಟ್ ಹೋಗೋದು ಜಿಲ್ಲೆಯ ಲೋಕಲ್ ಕಮಿಟಿಗೆ. ಕಂಪ್ಲೇಂಟ್ ಮಾಲೀಕನ ಮೇಲೇನೇ ಇದ್ರೆ, ಕಂಪನಿ ಎಷ್ಟೇ ದೊಡ್ಡದಿದ್ರೂ ಅದೇ ಲೋಕಲ್ ಕಮಿಟಿ. ಮುಂಬೈನಲ್ಲಿರೋರು ನೆನಪಿಡಿ, ಮುಂಬೈ ಸಿಟಿ ಮತ್ತೆ ಮುಂಬೈ ಸಬರ್ಬನ್ ಎರಡು ಬೇರೆ ಜಿಲ್ಲೆ, ಆಫೀಸ್ ಅಂಧೇರಿಯಲ್ಲಿದ್ರೆ ಸಬರ್ಬನ್, ಫೋರ್ಟ್‌ನಲ್ಲಿದ್ರೆ ಸಿಟಿ.

ಇನ್ನೊಂದು, ನಿಮ್ಮ ಪೇರೋಲ್ ಬೇರೆ ಏಜೆನ್ಸಿದು, ಕೂರೋದು ಕ್ಲೈಂಟ್ ಆಫೀಸಲ್ಲಿ ಅಂದ್ರೆ ಎರಡೂ ಕಡೆ ಕೇಳ್ಬೇಕು. ಕಾಯ್ದೆಯಲ್ಲಿ ಉದ್ಯೋಗಿ ಅಂದ್ರೆ ಪರ್ಮನೆಂಟ್ ಆದೋರು ಮಾತ್ರ ಅಲ್ಲ, ಕಾಂಟ್ರ್ಯಾಕ್ಟ್, ಟ್ರೈನಿ, ಪ್ರೊಬೇಶನ್, ಅಪ್ರೆಂಟಿಸ್ ಎಲ್ಲರೂ ಬರ್ತಾರೆ. "ನೀವು ಇನ್ನೂ ಪ್ರೊಬೇಶನ್, ನಿಮಗೆ ಪಾಲಿಸಿ ಲಾಗೂ ಆಗಲ್ಲ" ಅಂತ ಯಾರಾದ್ರೂ ಅಂದ್ರೆ ಅವರಿಗೆ ಕಾಯ್ದೆ ಗೊತ್ತಿಲ್ಲ ಅಂತ ಅರ್ಥ.

## ಹಂತ 2: ಕಂಪನಿಗೆ ಗೊತ್ತಾಗದ ಹಾಗೆ ಹೊರಗಿಂದ ನೋಡಿ

ಎಚ್‌ಆರ್‌ಗೆ ಬರೆಯೋ ಮುಂಚೆ ಇದನ್ನ ಮುಗಿಸ್ಕೊಳಿ, ಆಮೇಲೆ ಅವರ ಉತ್ತರ ತಾಳೆ ಹಾಕಿ ನೋಡೋಕೆ ಬರುತ್ತೆ.

ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಿದ್ರೆ ಪ್ರತಿ ವರ್ಷ ಅವರ ಬೋರ್ಡ್ ರಿಪೋರ್ಟ್ ಸರ್ಕಾರಕ್ಕೆ ಫೈಲ್ ಆಗುತ್ತೆ. ಕಂಪನಿ ಕಾಯ್ದೆ ಪ್ರಕಾರ ಸಣ್ಣ ಕಂಪನಿ ಅನ್ನಿಸ್ಕೊಳೋವನ್ನ ಬಿಟ್ರೆ, 2018ರಿಂದ ಅದರಲ್ಲಿ "ಆಂತರಿಕ ಸಮಿತಿ ರಚನೆಯ ನಿಯಮ ಪಾಲಿಸಿದ್ದೇವೆ" ಅನ್ನೋ ಹೇಳಿಕೆ ಇರ್ಬೇಕು. 2025ರ ತಿದ್ದುಪಡಿ ಆದ್ಮೇಲೆ ವರ್ಷದಲ್ಲಿ ಎಷ್ಟು ಕಂಪ್ಲೇಂಟ್ ಬಂತು, ಎಷ್ಟು ಇತ್ಯರ್ಥ ಆಯ್ತು, 90 ದಿನಕ್ಕಿಂತ ಜಾಸ್ತಿ ಎಷ್ಟು ಬಾಕಿ ಇದೆ ಅಂತ್ಲೂ ಬರೀಬೇಕು. ನೋಡೋದು ಹೀಗೆ: `mca.gov.in` ನಲ್ಲಿ ಒಂದು ಅಕೌಂಟ್ ಮಾಡ್ಕೊಂಡು `View Public Documents` ಗೆ ಹೋಗಿ, ಕಂಪನಿ ಹೆಸರು ಹಾಕಿ, 100 ರೂಪಾಯಿ ಕಟ್ಟಿ, ಇತ್ತೀಚಿನ `AOC-4` ಫಾರ್ಮ್ ಮತ್ತೆ ಅದಕ್ಕೆ ಅಂಟಿಸಿರೋ ಡೈರೆಕ್ಟರ್ಸ್ ರಿಪೋರ್ಟ್ ತೆಗೀರಿ. ಸೈಟ್ ಹಗಲು ಹೊತ್ತು ತುಂಬ ಸ್ಲೋ, ರಾತ್ರಿ ಕೂತ್ರೆ ಬೇಗ ಆಗುತ್ತೆ. ಶೇರ್ ಮಾರ್ಕೆಟ್‌ನಲ್ಲಿರೋ ದೊಡ್ಡ ಕಂಪನಿ ಆಗಿದ್ರೆ ಇಷ್ಟು ಕಷ್ಟ ಬೇಡ, ಅವರ ವೆಬ್‌ಸೈಟಲ್ಲೇ ಆನ್ಯುಯಲ್ ರಿಪೋರ್ಟ್ ಇರುತ್ತೆ. ಪಾರ್ಟ್‌ನರ್‌ಶಿಪ್, ಎಲ್‌ಎಲ್‌ಪಿ ಆದ್ರೆ ಬೋರ್ಡ್ ರಿಪೋರ್ಟೇ ಇರಲ್ಲ, ಮುಂದಿನ ಹಂತಕ್ಕೆ ಹೋಗಿ.

ಈಗ ಆ ಅಂಕಿ ಓದೋದು ಹೇಗೆ, ಇಲ್ಲಿ ಎಲ್ರೂ ಉಲ್ಟಾ ಓದ್ತಾರೆ. ಸೊನ್ನೆ ಕಂಪ್ಲೇಂಟ್ ಅಂದ್ರೆ ಒಳ್ಳೇ ಕಂಪನಿ ಅಂತ ಖುಷಿ ಪಡ್ತಾರೆ. ಎರಡು ಸಾವಿರ ಜನ ಇರೋ ಕಂಪನಿಯಲ್ಲಿ ಐದು ವರ್ಷ ಸತತವಾಗಿ ಸೊನ್ನೆ ಅಂದ್ರೆ ನನಗೆ ಮೊದಲು ಬರೋ ಅನುಮಾನ, ಅಲ್ಲಿ ಕಂಪ್ಲೇಂಟ್ ಕೊಡೋಕೆ ಯಾರಿಗೂ ಧೈರ್ಯ ಇಲ್ಲ ಇಲ್ಲಾ ದಾರಿ ಗೊತ್ತಿಲ್ಲ. ಮೂರು ಬಂತು ಮೂರೂ ಮುಗೀತು ಅಂತಿದ್ರೆ ಅದು ಒಳ್ಳೇ ಗುರುತು. ನೋಡಬೇಕಾದ್ದು ಬಾಕಿಯ ಅಂಕಿ, ಯಾಕಂದ್ರೆ ವಿಚಾರಣೆ 90 ದಿನದಲ್ಲಿ ಮುಗೀಬೇಕು ಅಂತ ಕಾಯ್ದೆಯಲ್ಲಿದೆ.

ಗೋಕಾಕದ ಹುಡುಗಿ ಕಂಪನಿಯ ರಿಪೋರ್ಟಲ್ಲಿ ಸಮಿತಿ ಇದೆ ಅನ್ನೋ ಒಂದು ಸಾಲು ಇತ್ತು, ಸೊನ್ನೆ ಕಂಪ್ಲೇಂಟ್, ಅದರ ಹಿಂದಿನ ವರ್ಷದ ರಿಪೋರ್ಟ್ ತೆಗೆದು ನೋಡಿದ್ರೆ ಅಕ್ಷರ ಬಿಡದೆ ಅದೇ ಸಾಲು, ಒಂದು ಸ್ಪೆಲ್ಲಿಂಗ್ ತಪ್ಪು ಸಮೇತ ಕಾಪಿ. ಅಂದ್ರೆ ಅದನ್ನ ಬರೆದದ್ದು ಕಂಪನಿ ಸೆಕ್ರೆಟರಿ, ಕಮಿಟಿಯೋರು ಅದನ್ನ ಕಣ್ಣಲ್ಲಿ ನೋಡಿರೋದೂ ಡೌಟ್. ಅಷ್ಟಕ್ಕೇ ಬೇಡ ಅನ್ನೋಕಾಗಲ್ಲ, ನೋಟ್‌ಬುಕ್‌ನಲ್ಲಿ ಬರ್ಕೊಂಡ್ವಿ.

## ಹಂತ 3: ಎಚ್‌ಆರ್‌ಗೆ ಮೂರು ವಸ್ತು ಕೇಳಿ ಇಮೇಲ್

ಫೋನಲ್ಲಿ ಕೇಳ್ಬೇಡಿ, ಫೋನಲ್ಲಿ ಎಲ್ಲಾ ಇದೆ ಅಂತಾರೆ. ಇಮೇಲ್ ಮಾಡಿ, ಚಿಕ್ಕದಾಗಿ, ಜಗಳದ ಧಾಟಿ ಬೇಡ. ಬೇರೆ ಜಾಯಿನಿಂಗ್ ಪ್ರಶ್ನೆ ಜೊತೆ, ಅಂದ್ರೆ ಪಿಎಫ್, ಇನ್ಶೂರೆನ್ಸ್, ಲ್ಯಾಪ್‌ಟಾಪ್ ಇವುಗಳ ಜೊತೆ ಸೇರಿಸಿ ಕೇಳಿದ್ರೆ ಇನ್ನೂ ಸಹಜ. ಅದರಲ್ಲಿ ಇರ್ಬೇಕಾದ್ದು ಇಷ್ಟು: ಪುಣೆ ಆಫೀಸಿನ ಆಂತರಿಕ ಸಮಿತಿಯ ಈಗಿನ ಆದೇಶದ ಪ್ರತಿ ಕಳಿಸಿ, ಪಾಶ್ ಪಾಲಿಸಿ ಕಳಿಸಿ, ಪುಣೆ ಆಫೀಸಲ್ಲಿ ಕೊನೇ ಸಲ ಟ್ರೈನಿಂಗ್ ಆದ ತಾರೀಕು ಹೇಳಿ.

ಆದೇಶ ಗುಟ್ಟಿನ ಕಾಗದ ಅಲ್ಲ, ಅದನ್ನ ಆಫೀಸಲ್ಲಿ ಎದ್ದು ಕಾಣೋ ಜಾಗದಲ್ಲಿ ಹಾಕ್ಬೇಕು ಅಂತ ಕಾಯ್ದೆಯೇ ಹೇಳಿದೆ. ಹಾಗಾಗಿ "ಕಾನ್ಫಿಡೆನ್ಶಿಯಲ್, ಸೇರಿದ ಮೇಲೆ ಕೊಡ್ತೀವಿ" ಅನ್ನೋ ಉತ್ತರಕ್ಕೆ ಅರ್ಥ ಇಲ್ಲ. ಆದ್ರೆ ಹಿಂದಿನ ಕೇಸ್‌ಗಳಲ್ಲಿ ಯಾರು ಯಾರ ಮೇಲೆ ಕೊಟ್ಟಿದ್ರು, ಏನಾಯ್ತು ಅಂತ ನೀವು ಕೇಳ್ಬಾರದು, ಕೇಳಿದ್ರೆ ಎಚ್‌ಆರ್ ಹೇಳಲ್ಲ ಅನ್ನೋದೇ ಸರಿ. ಅದು ಗುಟ್ಟಾಗಿರ್ಲೇಬೇಕು. ನಿಜ ಹೇಳ್ಬೇಕಂದ್ರೆ ಹೊಸಬರ ಹತ್ರ ಆ ಕಥೆ ಮಸಾಲೆ ಹಾಕಿ ಹೇಳೋ ಎಚ್‌ಆರ್ ಸಿಕ್ಕಿದ್ರೆ ಓಡಿ, ನಾಳೆ ನಿಮ್ಮ ಕಥೆಯೂ ಹಾಗೇ ಹೇಳ್ತಾರೆ.

ಜೊತೆಗೆ ಕೇಂದ್ರ ಸರ್ಕಾರದ ಷಿ-ಬಾಕ್ಸ್ ಪೋರ್ಟಲ್, `shebox.wcd.gov.in`, ಅದರಲ್ಲಿ ಈ ಆಫೀಸಿನ ಸಮಿತಿ ವಿವರ ಹಾಕಿದ್ದೀರಾ ಅಂತ ಒಂದು ಸಾಲು ಸೇರಿಸಿ. ಹೌದು ಅಂದ್ರೆ ಒಳ್ಳೇದು, "ಅದೇನದು" ಅಂದ್ರೆ ಅದೂ ಒಂದು ಉತ್ತರ ತಾನೇ.

ಎರಡು ಕೆಲಸದ ದಿನ ಕಾಯಿರಿ. ನಮ್ಮ ಹುಡುಗಿಗೆ ಪಾಲಿಸಿ ಅರ್ಧ ಗಂಟೇಲಿ ಬಂತು, ಆದೇಶ ಬರ್ಲಿಲ್ಲ. ಮತ್ತೆ ಬರೆದ್ಮೇಲೆ ಮೂರನೇ ದಿನ ಒಂದು ಸ್ಕ್ಯಾನ್ ಬಂತು. ಪಾಲಿಸಿ ತಕ್ಷಣ ಬರೋದು, ಆದೇಶಕ್ಕೆ ಹುಡುಕಾಟ, ಇದು ನಾನು ಬಹಳ ಕಡೆ ನೋಡಿರೋ ಲಕ್ಷಣ, ಪಾಲಿಸಿ ಯಾರದ್ದೋ ಕಾಪಿ ಹೊಡೆದ್ರೂ ಆಗುತ್ತೆ, ಆದೇಶಕ್ಕೆ ಮನುಷ್ಯರು ಬೇಕಲ್ಲ.

## ಹಂತ 4: ಆದೇಶವನ್ನ ಸಾಲು ಸಾಲಾಗಿ ಓದೋದು

ಇದಕ್ಕೇ ಅತಿ ಜಾಸ್ತಿ ಟೈಮ್ ಕೊಡಿ. ಇಲ್ಲಿ ಸಿಗೋಷ್ಟು ಮಾಹಿತಿ ಬೇರೆಲ್ಲೂ ಸಿಗಲ್ಲ.

ಮೊದಲು ತಾರೀಕು. ಮೆಂಬರ್‌ಗಳ ಅವಧಿ ನೇಮಕವಾದ ದಿನದಿಂದ ಮೂರು ವರ್ಷ ಮೀರೋ ಹಾಗಿಲ್ಲ. ನಮಗೆ ಬಂದ ಸ್ಕ್ಯಾನಲ್ಲಿ 14 ಜೂನ್ 2021 ಅಂತಿತ್ತು, ಅಂದ್ರೆ 2024ರ ಜೂನ್‌ಗೇ ಆ ಕಮಿಟಿ ಆಯಸ್ಸು ಮುಗಿದಿತ್ತು. ಅಂಥ ಕಮಿಟಿ ವಿಚಾರಣೆ ಮಾಡಿದ್ರೆ ಎದುರು ಪಾರ್ಟಿ ವಕೀಲರಿಗೆ ಮೊದಲ ಅಸ್ತ್ರ ಅದೇ, "ಈ ಸಮಿತಿಗೆ ಅಧಿಕಾರಾನೇ ಇರ್ಲಿಲ್ಲ" ಅಂತ.

ಎರಡನೇದು ಆಫೀಸ್ ಹೆಸರು. ಅದರಲ್ಲಿ ಪುಣೆ ಅನ್ನೋ ಪದಾನೇ ಇರ್ಲಿಲ್ಲ, ಬೆಂಗಳೂರು ಆಫೀಸಿನ ವಿಳಾಸ ಇತ್ತು.

ಮೂರನೇದು ತಲೆ ಎಣಿಸಿ. ಅಧ್ಯಕ್ಷೆ ಹೆಂಗಸೇ ಆಗಿರ್ಬೇಕು, ಸೀನಿಯರ್ ಹುದ್ದೆಯಲ್ಲಿರೋ ಉದ್ಯೋಗಿ ಆಗಿರ್ಬೇಕು. ಉದ್ಯೋಗಿಗಳಿಂದ ಕಮ್ಮಿ ಅಂದ್ರೂ ಇನ್ನಿಬ್ಬರು. ಹೊರಗಿನವರು ಒಬ್ಬರು, ಮಹಿಳೆಯರ ಪರ ಕೆಲಸ ಮಾಡೋ ಸಂಸ್ಥೆಯವರು ಇಲ್ಲಾ ಈ ವಿಷಯ ಬಲ್ಲವರು. ಒಟ್ಟು ಸಂಖ್ಯೆಯಲ್ಲಿ ಅರ್ಧದಷ್ಟಾದ್ರೂ ಹೆಂಗಸರು, ಅಂದ್ರೆ ಐದು ಜನ ಇದ್ರೆ ಮೂರು. ಬಂದ ಪಟ್ಟಿಯಲ್ಲಿ ಐದು ಹೆಸರಿತ್ತು, ಮೂರು ಹೆಂಗಸರು, ಲೆಕ್ಕ ಸರಿಯಾಗೇ ಇತ್ತು. ಆಮೇಲೆ ಒಬ್ಬೊಬ್ಬರ ಹೆಸರನ್ನ ಲಿಂಕ್ಡ್‌ಇನ್‌ನಲ್ಲಿ ಹಾಕಿ ನೋಡಿದ್ವಿ. ಅಧ್ಯಕ್ಷೆ 2023ರಲ್ಲೇ ಬೇರೆ ಕಂಪನಿ ಸೇರಿದ್ರು. ಇನ್ನೊಬ್ಬ ಮೆಂಬರ್ ಕೂಡ ಬಿಟ್ಟಿದ್ರು. ವಿಚಾರಣೆ ಕೂರೋಕೆ ಅಧ್ಯಕ್ಷೆ ಸೇರಿ ಕಮ್ಮಿ ಅಂದ್ರೂ ಮೂರು ಜನ ಬೇಕು, ಅಧ್ಯಕ್ಷೆಯೇ ಇಲ್ಲಾಂದ್ರೆ ಕಮಿಟಿ ಕೂರೋಕೇ ಆಗಲ್ಲ. ಕಾಗದದ ಮೇಲೆ ಐದು ಜನ, ಲೆಕ್ಕಕ್ಕೆ ಸಿಗೋರು ಮೂರೇ, ಅದರಲ್ಲೂ ತಲೆ ಇಲ್ಲ.

ಹೊರಗಿನ ಮೆಂಬರ್ ವಿಷಯದಲ್ಲಿ ಮೋಸ ಬೇರೆ ಥರ ಇರುತ್ತೆ. ಡೈರೆಕ್ಟರ್ ಹೆಂಡ್ತಿ, ಕಂಪನಿಯ ಸ್ವಂತ ವಕೀಲರು, ಅದೇ ಗ್ರೂಪಿನ ಇನ್ನೊಂದು ಕಂಪನಿಯ ಎಚ್‌ಆರ್, ಇವರನ್ನೆಲ್ಲ ಹೊರಗಿನವರು ಅಂತ ಹಾಕಿರ್ತಾರೆ. ಸರ್‌ನೇಮ್ ನೋಡಿ, ಬೋರ್ಡ್ ರಿಪೋರ್ಟಲ್ಲಿ ಡೈರೆಕ್ಟರ್‌ಗಳ ಹೆಸರಿದೆಯಲ್ಲ, ಅದರ ಜೊತೆ ಹೋಲಿಸಿ. ಸರ್‌ನೇಮ್ ಒಂದೇ ಇದ್ರೆ ಸಂಬಂಧ ಇರ್ಲೇಬೇಕು ಅಂತಿಲ್ಲ, ಮಹಾರಾಷ್ಟ್ರದಲ್ಲಿ ಪಾಟೀಲ್, ಕುಲಕರ್ಣಿ ಗಲ್ಲಿಗೆ ಹತ್ತು ಜನ ಸಿಗ್ತಾರೆ. ಆದ್ರೆ ಕೇಳೋಕೆ ಅದು ಕಾರಣ ಸಾಕು.

## ಹಂತ 5: ಹೊರಗಿನ ಮೆಂಬರ್‌ಗೆ ಒಂದು ಫೋನ್

ಈ ಹಂತ ಯಾರೂ ಮಾಡಲ್ಲ, ನಾಚಿಕೆ ಪಡ್ತಾರೆ. ಎರಡು ನಿಮಿಷದ ಕೆಲಸ. ಆದೇಶದಲ್ಲಿ ನಂಬರ್ ಇಲ್ಲಾಂದ್ರೆ ಅವರ ಸಂಸ್ಥೆಯ ಆಫೀಸಿಗೆ ಮಾಡಿ. "ನಮಸ್ತೆ ಮೇಡಂ, ನಾನು ಈ ಕಂಪನಿಗೆ ಸೇರೋಳಿದೀನಿ, ನೀವು ಇದರ ಆಂತರಿಕ ಸಮಿತಿಯಲ್ಲಿ ಈಗಲೂ ಇದ್ದೀರಾ, ಪುಣೆ ಆಫೀಸಿಗೆ ಕೊನೆಗೆ ಯಾವಾಗ ಹೋಗಿದ್ರಿ?" ಇಷ್ಟೇ. ಕೇಸ್ ಬಗ್ಗೆ ಒಂದು ಅಕ್ಷರ ಕೇಳ್ಬೇಡಿ.

ನಮ್ಮ ಹುಡುಗಿ ಸ್ಪೀಕರ್ ಹಾಕಿ ಮಾಡಿದ್ಳು. ಆ ಕಡೆ ಮೇಡಂ ಸ್ವಲ್ಪ ಹೊತ್ತು ಸುಮ್ನಿದ್ದು, "2022ರಲ್ಲಿ ಒಂದು ಆನ್‌ಲೈನ್ ಸೆಶನ್ ತಗೊಂಡಿದ್ದೆ, ಆಮೇಲೆ ಅವರು ನನ್ನ ಕರೆದೇ ಇಲ್ಲ, ನನ್ನ ಹೆಸರು ಇನ್ನೂ ಇದೆಯಾ?" ಅಂದ್ರು. ಫೋನಿಟ್ಟ ಮೇಲೆ ಹುಡುಗಿ ನನ್ನ ಮುಖ ನೋಡಿ, "ಅಕ್ಕಾ, ಅವ್ರಿಗೇ ಗೊತ್ತಿಲ್ಲಲ್ಲ!"

ಟ್ರೈನಿಂಗ್ ಅಂದಾಗ ಎರಡು ಥರ ಇದೆ. ಉದ್ಯೋಗಿಗಳಿಗೆ ಕೊಡೋದು ಒಂದು, ಕಮಿಟಿ ಮೆಂಬರ್‌ಗಳಿಗೆ ವಿಚಾರಣೆ ಹೇಗೆ ಮಾಡ್ಬೇಕು ಅಂತ ಕಲಿಸೋದು ಇನ್ನೊಂದು, ಎರಡೂ ಮಾಲೀಕರ ಕರ್ತವ್ಯ. ಎರಡನೇದು ಯಾಕೆ ಬೇಕು ಅನ್ನೋದಕ್ಕೆ ಗೋವಾ ವಿಶ್ವವಿದ್ಯಾಲಯದ ಪ್ರಕರಣ ನೋಡಿ. 2009ರ ದೂರು, ಸಮಿತಿ ಕೊನೇ ಭಾಗದ ಸಭೆಗಳನ್ನ ಬೆನ್ನಿಗೆ ಬೆನ್ನು ಇಟ್ಟು ಅವಸರದಲ್ಲಿ ಮುಗಿಸ್ತು, ಆರೋಪಿಗೆ ತನ್ನ ಪರ ಹೇಳ್ಕೊಳೋಕೆ ಸರಿಯಾದ ಅವಕಾಶ ಸಿಗ್ಲಿಲ್ಲ ಅಂತ 12 ಮೇ 2023ರಂದು ಸುಪ್ರೀಂ ಕೋರ್ಟ್ ಕೆಲಸದಿಂದ ತೆಗೆದ ಆದೇಶಾನ ರದ್ದು ಮಾಡಿ ವಿಚಾರಣೇನ ವಾಪಸ್ ಸಮಿತಿಗೆ ಕಳಿಸ್ತು. ಹದಿನಾಲ್ಕು ವರ್ಷ ಆದ್ಮೇಲೆ. ದೂರು ಕೊಟ್ಟೋರ ಗತಿ ಯೋಚ್ನೆ ಮಾಡಿ. ಕಮಿಟಿಗೆ ಕೆಲಸ ಗೊತ್ತಿಲ್ಲಾಂದ್ರೆ ನಷ್ಟ ಎರಡೂ ಕಡೆಗೆ.

## ಹಂತ 6: ಪಾಲಿಸಿಯಲ್ಲಿ ಸಿಕ್ಕಿಸಿರೋ ಮುಳ್ಳುಗಳು

ಪಾಲಿಸಿ ಹದಿನೈದು ಪುಟ ಇರುತ್ತೆ, ಪೂರ್ತಿ ಓದೋ ಅಗತ್ಯ ಇಲ್ಲ. ಮೊದಲು ಪಿಡಿಎಫ್ ಒಳಗೆ ಬೇರೆ ಯಾವುದಾದ್ರೂ ಕಂಪನಿ ಹೆಸರು ಉಳಿದಿದೆಯಾ ನೋಡಿ, ನಗ್ಬೇಡಿ, ನಾನು ಎರಡು ಸಲ ಹಾಗೆ ನೋಡಿದೀನಿ.

ಆಮೇಲೆ ದೂರು ಕೊಡೋ ಗಡುವು. ಕಾಯ್ದೆಯಲ್ಲಿ ಘಟನೆ ಆದ ದಿನದಿಂದ ಮೂರು ತಿಂಗಳು, ಸರಿಯಾದ ಕಾರಣ ಇದ್ರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಪಾಲಿಸಿಯಲ್ಲಿ "ಏಳು ದಿನದೊಳಗೆ" ಅಂತಿದ್ರೆ ಅದು ಕಾಯ್ದೆಗೆ ವಿರುದ್ಧ. ನಂತರ ದೂರು ಯಾರಿಗೆ ಅನ್ನೋದು. "ಮೊದಲು ನಿಮ್ಮ ಮ್ಯಾನೇಜರ್‌ಗೆ ತಿಳಿಸಿ" ಅಂತ ಬರೆದಿದ್ರೆ, ಮ್ಯಾನೇಜರ್ ಮೇಲೇ ದೂರಿದ್ರೆ ಏನ್ ಮಾಡೋದು? ಇಮೇಲ್ ಐಡಿ ಕೂಡ ನೋಡಿ, ಅದು ಒಬ್ಬ ಎಚ್‌ಆರ್ ಹೆಡ್‌ದಾ ಅಥವಾ ಕಮಿಟಿಯ ಎಲ್ಲರಿಗೂ ಹೋಗೋದಾ.

ಸುಳ್ಳು ದೂರಿನ ಪ್ಯಾರಾ ಕೊನೆಗೆ ಓದಿ. ಬೇಕಂತಲೇ ಸುಳ್ಳು ಕೊಟ್ರೆ ಕ್ರಮ ಅಂತ ಕಾಯ್ದೆಯಲ್ಲೂ ಇದೆ, ಆದ್ರೆ ಸಾಬೀತು ಮಾಡೋಕಾಗ್ಲಿಲ್ಲ ಅನ್ನೋ ಕಾರಣಕ್ಕೆ ಅದು ಸುಳ್ಳು ಆಗಲ್ಲ ಅಂತ್ಲೂ ಅಲ್ಲೇ ಇದೆ. ಮೊದಲ ಅರ್ಧವನ್ನ ದಪ್ಪಕ್ಷರದಲ್ಲಿ ಹಾಕಿ ಎರಡನೇ ಅರ್ಧ ಬಿಟ್ಟಿದ್ರೆ ಆ ಪಾಲಿಸಿ ಬರೆದೋರ ಮನಸ್ಸು ಗೊತ್ತಾಯ್ತಲ್ಲ. ಹಾಗೇ "ರಾಜಿ" ಅನ್ನೋ ಕಡೆ ದುಡ್ಡಿನ ಮಾತಿದೆಯಾ ನೋಡಿ, ರಾಜಿ ಆಗೋದು ದೂರು ಕೊಟ್ಟ ಹೆಂಗಸು ತಾನಾಗೇ ಕೇಳಿದ್ರೆ ಮಾತ್ರ, ದುಡ್ಡನ್ನ ಆಧಾರ ಮಾಡ್ಕೊಂಡು ರಾಜಿ ಮಾಡಿಸೋ ಹಾಗಿಲ್ಲ.

## ಹಂತ 7: ಆಫೀಸಿಗೆ ಹೋಗಿ, ಸಂಜೆ ಹೊತ್ತು

ಡಾಕ್ಯುಮೆಂಟ್ ಕೊಡೋಕೆ, ಸೀಟ್ ನೋಡೋಕೆ, ಏನಾದ್ರೂ ನೆಪ ಹೇಳಿ ಸಂಜೆ ಆರೂವರೆ ಹೊತ್ತಿಗೆ ಹೋಗಿ. ರಿಸೆಪ್ಶನ್, ಪ್ಯಾಂಟ್ರಿ, ಲೇಡೀಸ್ ವಾಶ್‌ರೂಮ್ ಬಾಗಿಲು, ಈ ಮೂರು ಕಡೆ ನೋಟೀಸ್ ಹುಡುಕಿ. ಸಮಿತಿಯ ಆದೇಶ ಇರ್ಬೇಕು, ಕಿರುಕುಳ ಕೊಟ್ರೆ ಏನು ಶಿಕ್ಷೆ ಅನ್ನೋದೂ ಇರ್ಬೇಕು. ಇಮೇಲಲ್ಲಿ ಬಂದ ಹೆಸರೇ ಗೋಡೆ ಮೇಲೂ ಇದೆಯಾ ತಾಳೆ ನೋಡಿ. ಚಂದದ ಫ್ರೇಮ್ ಹಾಕಿದ "ಪಾಶ್ ಕಂಪ್ಲಯಂಟ್" ಸರ್ಟಿಫಿಕೇಟ್ ಇದ್ರೆ ಅದಕ್ಕೆ ಬೆಲೆ ಕೊಡ್ಬೇಡಿ, ಅದು ಯಾವುದೋ ಟ್ರೈನಿಂಗ್ ಏಜೆನ್ಸಿ ಕೊಟ್ಟದ್ದು.

ಪುಣೆಯಲ್ಲಿ ನಮಗೊಂದು ಅನುಕೂಲ ಇದೆ. ಹೌಸ್‌ಕೀಪಿಂಗ್‌ನಲ್ಲಿ ಕಲಬುರ್ಗಿ, ಯಾದಗಿರಿ, ವಿಜಯಪುರ ಕಡೆ ಹೆಂಗಸರು ಸಿಗ್ತಾರೆ, ಕನ್ನಡದಲ್ಲಿ ಎರಡು ಮಾತಾಡಿದ್ರೆ ಆಫೀಸಿನ ನಿಜವಾದ ಹವೆ ಗೊತ್ತಾಗುತ್ತೆ. ಆದ್ರೆ ಅವರ ಬಾಯಿಂದ ಯಾರ ಹೆಸರೂ ಹೊರಡಿಸೋಕೆ ಹೋಗ್ಬೇಡಿ, ಕಾಂಟ್ರ್ಯಾಕ್ಟ್ ಕೆಲಸ, ಅವರಿಗೆ ತೊಂದ್ರೆ ಆಗುತ್ತೆ. "ಈ ಬೋರ್ಡಿನ್ಯಾಗ ಇರೋ ಮೇಡಂ ಇಲ್ಲೇ ಕುಂದರ್ತಾರೇನ್ರಿ?" ಅಂತ ಕೇಳಿದ್ರೆ ಸಾಕು. ಆ ಆಫೀಸಲ್ಲಿ ನೋಟೀಸ್ ಇರ್ಲೇ ಇಲ್ಲ, ಪ್ಯಾಂಟ್ರಿ ಗೋಡೇಲಿ ಕ್ರಿಕೆಟ್ ಟೂರ್ನಮೆಂಟ್ ಪೋಸ್ಟರ್ ಮಾತ್ರ.

ಅಲ್ಲಿ ಕೆಲಸ ಮಾಡೋ ಹೆಂಗಸರು, ಒಂದು ವರ್ಷದೊಳಗೆ ಬಿಟ್ಟೋರು, ಇಬ್ಬರು ಮೂವರ ಹತ್ರ ಮಾತಾಡಿ. "ಸೇಫ್ ಇದೆಯಾ" ಅಂದ್ರೆ ಎಲ್ರೂ ಹೂಂ ಅಂತಾರೆ. "ಕಮಿಟಿ ಅಧ್ಯಕ್ಷೆ ಯಾರು, ಟ್ರೈನಿಂಗ್ ಕೊನೇ ಸಲ ಯಾವಾಗ ಆಯ್ತು, ಅದು ಮಾತಾಡಿ ಮಾಡಿದ್ದಾ ಇಲ್ಲಾ ನೆಕ್ಸ್ಟ್ ನೆಕ್ಸ್ಟ್ ಒತ್ತೋ ವಿಡಿಯೋನಾ" ಅಂತ ಕೇಳಿ. ಮೂರರಲ್ಲಿ ಒಬ್ಬರಿಗೂ ಹೆಸರು ಗೊತ್ತಿಲ್ಲಾಂದ್ರೆ ಕಮಿಟಿ ಇದ್ರೂ ಇಲ್ಲದ ಹಾಗೆ.

## ಹಂತ 8: ರಾತ್ರಿ ಶಿಫ್ಟ್, ಕ್ಯಾಬ್, ಔಟಿಂಗ್

ರಾತ್ರಿ ಕೆಲಸ ಇಲ್ಲದೋರು ಮುಂದಿನ ಹಂತಕ್ಕೆ ಹೋಗಿ. ಇದ್ದೋರಿಗೆ, ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ರಾತ್ರಿ 9.30ರಿಂದ ಬೆಳಗ್ಗೆ 7ರವರೆಗೆ ಹೆಂಗಸರನ್ನ ಕೆಲಸಕ್ಕೆ ಇಡ್ಬೇಕಾದ್ರೆ ಅವರ ಒಪ್ಪಿಗೆ ಬೇಕು, ರಕ್ಷಣೆ ಬೇಕು, ಮನೆ ಬಾಗಿಲ ತನಕ ಬಿಡೋ ವ್ಯವಸ್ಥೆ ಬೇಕು. ಮನೆ ಬಾಗಿಲು ಅನ್ನೋ ಪದ ಗಮನಿಸಿ. "ಮೇನ್ ರೋಡಲ್ಲಿ ಬಿಡ್ತಾರೆ, ಗಲ್ಲಿ ಒಳಗೆ ಕ್ಯಾಬ್ ಬರಲ್ಲ" ಅಂತ ಈಗಾಗ್ಲೇ ಓಡಾಡೋರು ಹೇಳಿದ್ರೆ ಅಲ್ಲೇ ತಪ್ಪಿದೆ. ಕೊನೇ ಡ್ರಾಪ್ ಯಾರದ್ದು, ಒಬ್ಬಳೇ ಉಳಿದ್ರೆ ಗಾರ್ಡ್ ಇರ್ತಾನಾ, ಡ್ರೈವರ್‌ಗೆ ನಿಮ್ಮ ಮೊಬೈಲ್ ನಂಬರ್ ಕಾಣುತ್ತಾ, ಇವನ್ನ ಟ್ರಾನ್ಸ್‌ಪೋರ್ಟ್ ಡೆಸ್ಕ್‌ಗೇ ಕೇಳಿ, ಎಚ್‌ಆರ್‌ಗಲ್ಲ.

ಕಂಪನಿ ಕ್ಯಾಬ್, ಕ್ಲೈಂಟ್ ಆಫೀಸ್, ಕೆಲಸದ ಮೇಲೆ ಹೋದ ಹೋಟೆಲ್ ಎಲ್ಲವೂ ಕಾಯ್ದೆ ಪ್ರಕಾರ ಕೆಲಸದ ಜಾಗವೇ. ಟೀಮ್ ಔಟಿಂಗ್ ಅಂತ ಗೋವಾಕ್ಕೆ ಕರ್ಕೊಂಡು ಹೋಗೋ ಕಂಪನಿ ಪುಣೆ, ಮುಂಬೈನಲ್ಲಿ ಬೇಕಾದಷ್ಟಿದೆ. ರೂಮ್ ಹೇಗೆ ಹಂಚ್ತಾರೆ, ಬರಲ್ಲ ಅಂದ್ರೆ ಏನಂತಾರೆ ಅಂತ ಹಳಬರನ್ನ ಕೇಳಿ.

## ಹಂತ 9: ಸಿಕ್ಕಿದ್ದನ್ನ ಇಟ್ಕೊಂಡು ತೀರ್ಮಾನ

ಎಲ್ಲ ತಪ್ಪೂ ಒಂದೇ ತೂಕದ್ದಲ್ಲ. ನೋಟೀಸ್ ಹಳೇದು, ಒಬ್ಬ ಮೆಂಬರ್ ಬಿಟ್ಟಿದಾರೆ, ಟ್ರೈನಿಂಗ್ ತಡ ಆಗಿದೆ, ಇವು ಸರಿ ಮಾಡಬಹುದಾದ ಸೋಮಾರಿತನ. ಆದೇಶ ತೋರಿಸೋಕೇ ಒಪ್ಪದಿರೋದು, ಕೇಳಿದ್ದಕ್ಕೆ "ನಿಮಗೆ ಮುಂಚೆ ಏನಾದ್ರೂ ಪ್ರಾಬ್ಲಂ ಆಗಿತ್ತಾ" ಅಂತ ತಿರುಗಿ ಕೇಳೋದು, ಕೇಳಿದ ಮೇಲೆ ಆಫರ್ ತಣ್ಣಗಾಗೋದು, ಇವು ಬೇರೆ ಜಾತಿ. ಅಂಥ ಕಡೆ ನಾನಾಗಿದ್ರೆ ಸೇರಲ್ಲ. ಕಮಿಟಿ ಮಾಡದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ ಇದೆ, ಆದ್ರೆ ದಂಡದಿಂದ ನಿಮ್ಮ ದಿನದ ಕಾಟ ಕಮ್ಮಿ ಆಗಲ್ಲ.

ಗೋಕಾಕದ ಹುಡುಗಿಯದ್ದು ಮೊದಲನೇ ಥರದ್ದು ಅಂತ ನನಗನ್ನಿಸ್ತು, ಆದ್ರೆ ಮೂರೂ ಒಟ್ಟಿಗೆ ಇತ್ತು, ಹಂಗೇ ಬಿಡೋಕಾಗಲ್ಲ. ಆರನೇ ದಿನ ಅವಳು ಎಚ್‌ಆರ್‌ಗೆ ಬರೆದ್ಳು: ಆದೇಶದ ಅವಧಿ 2024ರ ಜೂನ್‌ಗೆ ಮುಗಿದಿದೆ, ಪುಣೆ ಆಫೀಸಿನ ಹೆಸರಿಲ್ಲ, ಅಧ್ಯಕ್ಷೆ ಕಂಪನಿಯಲ್ಲಿಲ್ಲ, ನಾನು ಸೇರೋ ತಾರೀಕಿನ ಒಳಗೆ ಹೊಸ ಆದೇಶ ಬರುತ್ತಾ? ಬೈದಿರ್ಲಿಲ್ಲ, ಕಾಯ್ದೆ ಪಾಠ ಹೇಳಿರ್ಲಿಲ್ಲ. ಹೊರಗಿನ ಮೇಡಂ ಫೋನ್ ವಿಷಯ ಬೇಕಂತಲೇ ಬರೀಲಿಲ್ಲ, ಪಾಪ ಅವರನ್ನ ಯಾಕೆ ಸಿಕ್ಕಿಸೋದು. ಆಫರ್ ಗಡುವನ್ನ ಒಂದು ವಾರ ಮುಂದಕ್ಕೆ ಕೇಳಿದ್ಳು, ಕೊಟ್ರು.

ಆ ಗಡುವಿನ ಒಳಗೇ ಹೊಸ ಆದೇಶ ಬಂತು. ಪುಣೆ ಆಫೀಸ್ ಅಂತ ಸ್ಪಷ್ಟವಾಗಿ, ಪುಣೆಯ ಇಬ್ಬರು ಮೆಂಬರ್, ಅಧ್ಯಕ್ಷೆ ಮಾತ್ರ ಬೆಂಗಳೂರಿನೋರು, ಯಾಕಂದ್ರೆ ಪುಣೆಯಲ್ಲಿ ಆ ದರ್ಜೆಯ ಹೆಂಗಸು ಇಲ್ಲ ಅಂತ ಕಾರಣವನ್ನೂ ಬರೆದಿದ್ರು. ಹೊರಗಿನ ಮೆಂಬರ್ ಬೇರೆ ಸಂಸ್ಥೆಯವರು, ಅವರಿಗೂ ಫೋನ್ ಮಾಡಿದ್ವಿ, "ಹೌದು, ಮುಂದಿನ ತಿಂಗಳು ಸೆಶನ್ ಇಟ್ಟಿದಾರೆ" ಅಂದ್ರು. ಹುಡುಗಿ ಒಪ್ಕೊಂಡ್ಳು.

ಸೇರಿದ ದಿನ ಮಾಡೋ ಕೆಲಸ ಇನ್ನೊಂದಿದೆ. ಆದೇಶ, ಪಾಲಿಸಿ, ಎಚ್‌ಆರ್ ಇಮೇಲ್ ಮೂರನ್ನೂ ನಿಮ್ಮ ಸ್ವಂತ ಇಮೇಲಲ್ಲಿ ಇಟ್ಕೊಳಿ, ಕಂಪನಿ ಲ್ಯಾಪ್‌ಟಾಪಲ್ಲಿ ಅಲ್ಲ, ಕೆಲಸ ಬಿಡಿಸಿದ್ರೆ ಆ ಲ್ಯಾಪ್‌ಟಾಪ್ ಅದೇ ದಿನ ಹೋಗುತ್ತೆ. ಗೋಡೆಯ ನೋಟೀಸಿನ ಫೋಟೋ ತೆಗೆದಿಡಿ. ನಮ್ಮ ಹುಡುಗಿ ಪ್ಯಾಂಟ್ರಿಯಲ್ಲಿ ಹೊಸದಾಗಿ ಹಾಕಿದ್ದ ನೋಟೀಸಿನ ಫೋಟೋ ತೆಗೀತಿದ್ದಾಗ ಯಾದಗಿರಿ ಕಡೆ ಹೌಸ್‌ಕೀಪಿಂಗ್ ಆಯಿ ಒಬ್ಬರು ಬಂದು "ಅದ್ರಾಗ ಏನ್ ಬರದಾರವ್ವಾ?" ಅಂತ ಕೇಳಿದ್ರಂತೆ. ನೋಟೀಸ್ ಬರೀ ಇಂಗ್ಲಿಷಲ್ಲಿತ್ತು. ಓದಿ ಹೇಳಿ, ಅವತ್ತೇ ಸಂಜೆ ಮರಾಠಿ, ಹಿಂದಿಯಲ್ಲೂ ಹಾಕಿ ಅಂತ ಎಚ್‌ಆರ್‌ಗೆ ಬರೆದಿದಾಳೆ. ಮರಾಠಿದು ಬಂದಿದೆ, ಹಿಂದಿದು ಇನ್ನೂ ಬರ್ಬೇಕು.